ಫೋನ್ ಮಾಡಿದವರು ಮೊದಲು ಹೆಸರು ಹೇಳಲಿ

ಹೊಸ ನಂಬರಿನಿಂದ ಫೋನ್ ಬಂದಾಗ ನಮ್ಮ ದೇವನಕೊಂಡದ ಕಡೆಯ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಹಲೋ."

"ಹಲೋ, ಯಾರು ಮಾತಾಡೋದು?"

"ನೀವ್ಯಾರು? ಫೋನ್ ಮಾಡಿದ್ದು ನೀವಲ್ಲವಾ?"

"ನಾನಪ್ಪಾ, ಗುರುತು ಸಿಗಲಿಲ್ಲೇನು?"

"ಇಲ್ಲ, ಯಾರು ಹೇಳ್ರಿ."

"ದನಿ ಕೇಳಿದ್ರೂ ಗೊತ್ತಾಗಲಿಲ್ಲಾ? ನೆನಪು ಮಾಡ್ಕೊ ನೋಡಾನ."

ಎತ್ತಿದವರು ಮುಜುಗರದಲ್ಲಿ ಊಹಿಸಲು ತೊಡಗುತ್ತಾರೆ. ಆಲೂರಿನ ಮಾವನೋ, ಮಿರಪಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗಿ ಹೊಸ ಸಿಮ್ ಹಾಕಿಕೊಂಡ ತಮ್ಮನೋ, ಆದೋನಿಯಲ್ಲಿ ಹತ್ತಿ ಕೊಂಡ ದಲ್ಲಾಳಿಯೋ? ಒಂದು ಹೆಸರು ಹೇಳುತ್ತಾರೆ. ಅದು ಸರಿಯಾಗಿದ್ದರೆ ನಗು, ತಪ್ಪಾಗಿದ್ದರೆ ಆ ಕಡೆಯವರಿಗೆ ಬೇಸರ. ಕೆಲಸದ ಮಾತು ಶುರುವಾಗುವ ಮೊದಲೇ ಅರ್ಧ ನಿಮಿಷ ಹೋಗಿರುತ್ತದೆ. ಹೋದದ್ದು ಹೊತ್ತು ಮಾತ್ರವಲ್ಲ. ಈ ಆರು ಸಾಲಿನ ಮಾತಿನಲ್ಲಿ ಈಗ ಮೋಸಗಾರರಿಗೂ ದಾರಿ ಸಿಕ್ಕಿದೆ. ಅದಕ್ಕಾಗಿಯೇ ಫೋನಿನಲ್ಲಿ ಮೊದಲು ಯಾರು ಬಾಯಿ ತೆರೆಯಬೇಕು, ಹೆಸರು ಹೇಳುವ ಹೊಣೆ ಯಾರದು ಎಂಬುದನ್ನು ಇಂದು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಮೊದಲು 'ಹಲೋ' ಸಂಗತಿ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಮಾರ್ಗರೆಟ್ ಹಲೋ ಎಂಬ ಗೆಳತಿಯಿದ್ದಳು, ಆತ ಮೊದಲು ಅವಳ ಹೆಸರನ್ನೇ ಕರೆದ ಎಂಬ ಕತೆ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಕಟ್ಟುಕತೆ. 1876ರ ಮಾರ್ಚ್ 10ರಂದು ಬೆಲ್ ತನ್ನ ಯಂತ್ರದಲ್ಲಿ ಕರೆದದ್ದು ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್‌ನನ್ನು. ಮರುವರ್ಷ ಆತ ಮದುವೆಯಾದದ್ದು ಮೇಬಲ್ ಹಬ್ಬರ್ಡ್‌ಳನ್ನು. ಬೆಲ್‌ಗೆ ಇಷ್ಟವಾಗಿದ್ದ ಕರೆಯ ಮಾತು, ಹಡಗಿನವರು ದೂರದ ಹಡಗನ್ನು ಕೂಗುವ 'ಅಹಾಯ್'. 'ಹಲೋ' ಬೇಕೆಂದವನು ಥಾಮಸ್ ಎಡಿಸನ್.

ಆಗಿನ ಫೋನ್ ಹೇಗಿತ್ತು ಎಂಬುದು ಗೊತ್ತಾದರೆ ಎಡಿಸನ್ ಹಾಗೇಕೆ ಅಂದ ಎಂಬುದು ತಿಳಿಯುತ್ತದೆ. 1877ರ ಹೊತ್ತಿಗೆ ಎಕ್ಸ್‌ಚೇಂಜ್ ಇರಲಿಲ್ಲ. ಒಂದು ತಂತಿಯ ಎರಡು ತುದಿಗೆ ಎರಡು ಯಂತ್ರ, ಮನೆಗೊಂದು, ಅಂಗಡಿಗೊಂದು. ಲೈನ್ ಸದಾ ತೆರೆದೇ ಇರಬಹುದು, ಆದರೆ ಆ ತುದಿಯಲ್ಲಿರುವವರನ್ನು ಯಂತ್ರದ ಹತ್ತಿರಕ್ಕೆ ಕರೆಯುವುದು ಹೇಗೆ? ಗಂಟೆ ಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಿತ್ತು. 1877ರ ಆಗಸ್ಟ್ 15ರಂದು ಪಿಟ್ಸ್‌ಬರ್ಗಿನ ಟೆಲಿಗ್ರಾಫ್ ಕಂಪನಿಯ ಮುಖ್ಯಸ್ಥನಿಗೆ ಎಡಿಸನ್ ಒಂದು ಕಾಗದ ಬರೆದ. ಗಂಟೆಯ ಅಗತ್ಯ ಬೀಳಲಾರದು, 'ಹಲೋ' ಎಂದು ಕೂಗಿದರೆ ಹತ್ತಿಪ್ಪತ್ತು ಅಡಿ ದೂರದವರೆಗೆ ಕೇಳಿಸುತ್ತದೆ ಎಂಬುದು ಅದರ ಸಾರ.

ಅಂದರೆ ಆ ಕಾಗದದಲ್ಲಿರುವ 'ಹಲೋ' ಎತ್ತಿದವರ ಮಾತಲ್ಲ, ಫೋನ್ ಮಾಡಿದವರ ಕೂಗು. ಗಂಟೆ ಮಾಡಬೇಕಾದ ಕೆಲಸವನ್ನು ಅದು ಮಾಡಬೇಕಿತ್ತು. ಆದರೆ ಸ್ವಲ್ಪ ಸಮಯದಲ್ಲೇ ಗಂಟೆ ಬಂದೇ ಬಂತು. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಸಾರ್ವಜನಿಕರಿಗಾಗಿ ಎಕ್ಸ್‌ಚೇಂಜ್ ಶುರುವಾಯಿತು. ಕರೆಯುವ ಕೆಲಸವನ್ನು ಗಂಟೆ ವಹಿಸಿಕೊಂಡಿತು. ಆಗ 'ಹಲೋ'ಗೆ ಬೇರೆ ಕೆಲಸ ಸಿಕ್ಕಿತು. ಗಂಟೆಯ ಸದ್ದಿಗೆ ಓಗೊಡುವ ಮಾತಾಗಿ ಅದು ಎತ್ತಿದವರ ಬಾಯಿಗೆ ಬಂತು.

ಎತ್ತಿದವರೇ ಮೊದಲು ಮಾತಾಡಬೇಕೇಕೆ? ಇದನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರು ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್. ಪೊಲೀಸ್ ಇಲಾಖೆಗೆ ಬಂದ ಮತ್ತು ಅಲ್ಲಿಂದ ಹೋದ ಸುಮಾರು 500 ಕರೆಗಳ ಧ್ವನಿಮುದ್ರಣಗಳ ಆರಂಭವನ್ನು ಅವರು ಗಮನವಿಟ್ಟು ಕೇಳಿ, 1968ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮೊದಲು ಅವರಿಗೆ ಕಂಡ ನಿಯಮ ಸರಳವಾಗಿತ್ತು: ಎತ್ತಿದವರು ಮೊದಲು ಮಾತಾಡುತ್ತಾರೆ. 500ರಲ್ಲಿ ಒಂದೇ ಒಂದು ಕರೆ ಈ ನಿಯಮಕ್ಕೆ ಬಗ್ಗಲಿಲ್ಲ.

ಆ ಒಂದು ಕರೆಯಲ್ಲಿ ಪೊಲೀಸರೇ ರೆಡ್ ಕ್ರಾಸ್ ಕಚೇರಿಗೆ ಫೋನ್ ಮಾಡಿದ್ದರು. ಆ ಕಡೆ ರಿಸೀವರ್ ಎತ್ತಿದ ಸದ್ದಾಯಿತು. ಆದರೆ ಮಾತಿಲ್ಲ. ಒಂದು ಸೆಕೆಂಡ್ ಕಳೆಯಿತು. ಆಗ ಫೋನ್ ಮಾಡಿದ ಪೊಲೀಸರೇ "ಹಲೋ" ಅಂದರು. ಆ ಮೇಲೆ ಆ ಕಡೆಯಿಂದ "ಅಮೆರಿಕನ್ ರೆಡ್ ಕ್ರಾಸ್" ಎಂಬ ಉತ್ತರ ಬಂತು. ಐನೂರರಲ್ಲಿ ಒಂದು ತಾನೇ ಎಂದು ಶೆಗ್ಲಾಫ್ ಇದನ್ನು ಬದಿಗೆ ಸರಿಸಲಿಲ್ಲ. ತಮ್ಮ ನಿಯಮವನ್ನೇ ತಿದ್ದಿಕೊಂಡರು. ಫೋನಿನ ಮಾತುಕತೆ ಶುರುವಾಗುವುದು ಬಾಯಿಂದಲ್ಲ, ಗಂಟೆಯಿಂದ. ಗಂಟೆ ಒಂದು ಕರೆ. ಎತ್ತಿದವರ ಮೊದಲ ಮಾತು ಆ ಕರೆಗೆ ಓಗೊಡುವುದು. ರೆಡ್ ಕ್ರಾಸಿನವರು ಓಗೊಡದಿದ್ದಾಗ ಪೊಲೀಸರು "ಹಲೋ" ಎಂದು ಗಂಟೆಯ ಕೆಲಸವನ್ನೇ ಮತ್ತೊಮ್ಮೆ ಮಾಡಿದರು, ಅಷ್ಟೆ. ಹೀಗೆ ನೋಡಿದರೆ ಐನೂರಕ್ಕೆ ಐನೂರೂ ಒಂದೇ ನಿಯಮಕ್ಕೆ ಸೇರುತ್ತವೆ.

ನಮ್ಮ ನಿತ್ಯದ ಅನುಭವಕ್ಕೂ ಇದು ಸರಿಹೊಂದುತ್ತದೆ. ಹೊಲದ ಬದುವಿನಲ್ಲಿ ನಿಂತು ಮಾತಾಡುವಾಗ ಸಿಗ್ನಲ್ ಹೋಯಿತೆನ್ನಿ. ತಕ್ಷಣ "ಹಲೋ, ಹಲೋ, ಕೇಳಿಸ್ತಾ ಐತಾ?" ಎನ್ನುತ್ತೇವೆ. ಆ ಹಲೋ ನಮಸ್ಕಾರವಲ್ಲ, ಆ ಕಡೆಯವರನ್ನು ಮತ್ತೆ ಕರೆಯುವುದು. ಫೋನ್ ಎತ್ತಿದಾಗಿನ ಹಲೋ ಓಗೊಡುವುದು, ನಡುವಿನ ಹಲೋ ಕರೆಯುವುದು. ಒಂದೇ ಮಾತು ಎರಡೂ ಕೆಲಸ ಮಾಡುತ್ತದೆ. ಬೀದಿಯಲ್ಲಿ ಎದುರಾದ ಅಣ್ಣನಿಗೆ ನಾವು ಹಲೋ ಅನ್ನುವುದು ಅಪರೂಪ, ಫೋನಿನಲ್ಲಿ ಅದಿಲ್ಲದೆ ಮಾತೇ ಹೊರಡುವುದಿಲ್ಲ. ಕಾರಣ ಇದೇ.

ಓಗೊಡುವುದು ಎಲ್ಲ ದೇಶದಲ್ಲೂ ಇದೆ. ಓಗೊಡುವಾಗ ಏನು ಹೇಳಬೇಕು ಎಂಬುದು ಮಾತ್ರ ಬೇರೆ ಬೇರೆ. ಇಟಲಿಯವರು 'ಪ್ರೊಂತೊ' ಎನ್ನುತ್ತಾರೆ, ಮೆಕ್ಸಿಕೊದವರು 'ಬ್ವೆನೊ', ಜಪಾನಿನವರು 'ಮೋಶಿ ಮೋಶಿ', ಚೀನಾದವರು 'ವೇ'. ಇವೆಲ್ಲ ನಮ್ಮ ಹಲೋ ಇದ್ದಂತೆಯೇ: ಇದ್ದೇನೆ, ಮಾತಾಡಿ ಎಂಬಷ್ಟೇ ಸೂಚನೆ. ನಿಜವಾದ ವ್ಯತ್ಯಾಸ ಇರುವುದು ಹೆಸರಿನ ವಿಷಯದಲ್ಲಿ.

ನೆದರ್ಲೆಂಡಿನಲ್ಲಿ ಫೋನ್ ಎತ್ತಿದವರು ತಮ್ಮ ಹೆಸರನ್ನೇ ಹೇಳಿ ಓಗೊಡುವುದು ರೂಢಿ. ಕರೆದವರೂ ಮರುಮಾತಿನಲ್ಲೇ ತಮ್ಮ ಹೆಸರು ಹೇಳುತ್ತಾರೆ. ಹಾನೆಕೆ ಹೌಟ್‌ಕೂಪ್ ಎಂಬ ವಿದ್ವಾಂಸೆ 1991ರಲ್ಲಿ ಅಲ್ಲಿನ ಕರೆಗಳನ್ನು ಅಮೆರಿಕದ ಕರೆಗಳೊಂದಿಗೆ ಹೋಲಿಸಿ ಇದನ್ನು ತೋರಿಸಿದರು. ಅಮೆರಿಕದಲ್ಲಿ ದನಿಯಿಂದಲೇ ಗುರುತು ಹಿಡಿಯಲು ಇಬ್ಬರೂ ನೋಡುತ್ತಾರೆ, ಡಚ್ಚರು ಆ ಗೊಂದಲಕ್ಕೆ ಎಡೆಗೊಡದೆ ಬಾಯಿಬಿಟ್ಟು ಹೆಸರು ಹೇಳುತ್ತಾರೆ. ಜರ್ಮನಿಯಲ್ಲೂ ಮನೆತನದ ಹೆಸರು ಹೇಳಿ ಫೋನ್ ಎತ್ತುವ ವಾಡಿಕೆ ಬಹುಕಾಲ ಇತ್ತು.

ಫ್ರಾನ್ಸಿನ ರೀತಿ ಬೇರೆ. ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ದಾನಿಯೆಲ್ ಗೊದಾರ್ 1977ರಲ್ಲಿ ಇದರ ಬಗ್ಗೆ ಬರೆದರು. ಫ್ರಾನ್ಸಿನಲ್ಲಿ ಫೋನ್ ಮಾಡಿದವರು ಮೊದಲು ನಂಬರ್ ಸರಿಯೇ ಎಂದು ಕೇಳುತ್ತಾರೆ, ತಮ್ಮ ಹೆಸರು ಹೇಳುತ್ತಾರೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೋರುತ್ತಾರೆ, ಆ ಮೇಲೆ ತಮಗೆ ಬೇಕಾದವರನ್ನು ಕೇಳುತ್ತಾರೆ. ಫೋನ್ ಮಾಡುವುದೆಂದರೆ ಇನ್ನೊಬ್ಬರ ಮನೆಯೊಳಗೆ ಅವರ ಅಪ್ಪಣೆಯಿಲ್ಲದೆ ನುಗ್ಗಿದ ಹಾಗೆ ಎಂಬ ಭಾವನೆ ಆ ರೂಢಿಯ ಹಿಂದಿದೆ. ಅಮೆರಿಕದವರು ಇದಾವುದನ್ನೂ ಹೇಳದೆ ನೇರವಾಗಿ ಇಂಥವರಿದ್ದಾರೆಯೇ ಎಂದು ಕೇಳುವುದು ಆಕೆಗೆ ಒರಟಾಗಿ ಕಂಡಿತು. ಆದರೆ ಅದು ಒರಟುತನವಲ್ಲ, ರೂಢಿಯ ಭೇದ ಎಂದು ಆಕೆ ವಿವರಿಸಿದರು.

ಹಾಗಾದರೆ ನಮ್ಮ "ಯಾರು ಮಾತಾಡೋದು?" ಎಲ್ಲಿಂದ ಬಂತು? ನಮ್ಮವರಿಗೆ ಮರ್ಯಾದೆ ಗೊತ್ತಿಲ್ಲ ಎನ್ನುವುದು ತಪ್ಪು. ಅದಕ್ಕೊಂದು ನ್ಯಾಯವಾದ ಹಿನ್ನೆಲೆಯಿದೆ.

ಹಳ್ಳಿಗಳಿಗೆ ಫೋನ್ ಬಂದದ್ದು ತಡವಾಗಿ. ಬಿಸಿಲು, ಧೂಳು, ಕೈಕೊಡುವ ಕರೆಂಟು ಎಲ್ಲವನ್ನೂ ತಡೆದುಕೊಳ್ಳುವಂಥ ಗ್ರಾಮೀಣ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆ ರೂಪಿಸಿ, 1986ರಲ್ಲಿ ಮೊದಲು ಕೂರಿಸಿದ್ದು ಕರ್ನಾಟಕದ ಕಿತ್ತೂರಿನಲ್ಲಿ. ಅದರಲ್ಲಿದ್ದದ್ದು 128 ಪೋರ್ಟ್ ಮಾತ್ರ. ಅಂಥವು ದೇಶದ ಹಳ್ಳಿಗಳಿಗೆ ಹರಡಿದ ಮೇಲೂ ಒಂದು ಬೀದಿಗೆ ಒಂದೋ ಎರಡೋ ಫೋನ್. ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಎಸ್‌ಟಿಡಿ ಬೂತಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಉಳಿದವರೆಲ್ಲರದು ಪಿ.ಪಿ. ನಂಬರ್. ಮದುವೆ ಕಾರ್ಡಿನಲ್ಲೂ ಅಂಗಡಿಯ ಬಿಲ್ಲಿನಲ್ಲೂ ಪಕ್ಕದ ಮನೆಯವರ ನಂಬರ್ ಅಚ್ಚುಹಾಕಿಸಿ ಮುಂದೆ 'ಪಿ.ಪಿ.' ಎಂದು ಬರೆಸುತ್ತಿದ್ದ ಕಾಲ ಅದು.

ಬೆಂಗಳೂರಿಗೆ ದುಡಿಯಲು ಹೋದ ಮಗ ಅಂಥ ನಂಬರಿಗೆ ಫೋನ್ ಮಾಡಿದರೆ ಎತ್ತುವವರು ಯಾರು? ಅಂಗಡಿಯವನಿರಬಹುದು, ಅವನ ಹೆಂಡತಿಯಿರಬಹುದು, ಸಾಮಾನು ಕೊಳ್ಳಲು ಬಂದವನೂ ಇರಬಹುದು. ಎತ್ತಿದವರು ಯಾರೆಂಬುದು ತಿಳಿದರೆ ತಾನೇ ಅವರನ್ನು ಅಣ್ಣಾ ಎಂದೋ ಅತ್ತೆ ಎಂದೋ ಕರೆದು, ನಮ್ಮವ್ವನನ್ನು ಸ್ವಲ್ಪ ಕರೀತೀರಾ ಎಂದು ಕೇಳಬಹುದು? ಬೂತಿನ ಮೀಟರಿನಲ್ಲಿ ಕೆಂಪು ಅಂಕಿ ಏರುತ್ತಿರುತ್ತದೆ. ಆದ್ದರಿಂದ "ಯಾರು ಮಾತಾಡೋದು?" ಎಂಬುದು ಆಗ ಅವಶ್ಯವಾದ ಮೊದಲ ಪ್ರಶ್ನೆಯಾಗಿತ್ತು. "ಹತ್ತು ನಿಮಿಷ ಬಿಟ್ಟು ಮಾಡು, ಕರೆಸಿರ್ತೀನಿ" ಎಂಬ ಉತ್ತರ ಪಡೆದು ಫೋನ್ ಇಟ್ಟು, ಮತ್ತೆ ಮಾಡುವಾಗಲೂ ಅದೇ ಪ್ರಶ್ನೆ. ಫೋನ್ ಹಲವರದಾಗಿದ್ದಾಗ ಎತ್ತಿದವರ ಗುರುತು ಕೇಳುವುದು ತಪ್ಪಲ್ಲ.

ನಮ್ಮ ಗಡಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಆ ಮೇಲೆ ಆಂಧ್ರಕ್ಕೆ ಸೇರಿದವು. ಈ ಭಾಗದಲ್ಲಿ ಒಂದೇ ಬೀದಿಯಲ್ಲಿ ಕನ್ನಡವೂ ತೆಲುಗೂ ಇವೆ. ಒಂದೇ ಮನೆಯಲ್ಲೂ ಎರಡಿರುತ್ತವೆ. 'ಹಲೋ' ಎರಡಕ್ಕೂ ಸೇರಿದ್ದಲ್ಲ, ಅದರಿಂದ ಯಾವ ಭಾಷೆಯಲ್ಲಿ ಮುಂದುವರಿಯಬೇಕೆಂಬುದು ಗೊತ್ತಾಗುವುದಿಲ್ಲ. ಅದು ನಿರ್ಧಾರವಾಗುವುದು ಎರಡನೆಯ ಮಾತಿನಲ್ಲಿ. ಕರೆದವರು "ಯಾರು?" ಎಂದರೆ ಕನ್ನಡ, "ಎವರು?" ಎಂದರೆ ತೆಲುಗು. ಎತ್ತಿದವರು "ಚೆಪ್ಪಣ್ಣಾ" ಎಂದರೋ "ಹೇಳಣ್ಣಾ" ಎಂದರೋ ಅಲ್ಲಿಂದ ಮಾತು ಆ ದಾರಿ ಹಿಡಿಯುತ್ತದೆ. ಒಂದೆರಡು ಅಕ್ಷರದಲ್ಲಿ ಇಬ್ಬರೂ ಒಪ್ಪಂದಕ್ಕೆ ಬರುವ ಈ ಜಾಣತನ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಸಹಜವಾಗಿ ಒಲಿದಿದೆ.

ಈಗ ಕಾಲ ಬದಲಾಗಿದೆ. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಬಂದ ಕರೆಗೂ ದುಡ್ಡು ಕೊಡಬೇಕಾಗಿದ್ದ ಪದ್ಧತಿ 2003ರಲ್ಲಿ ನಿಂತ ಮೇಲೆ ಮೊಬೈಲ್ ಹಳ್ಳಿಗೂ ಬಂತು. ಫೋನ್ ಬೀದಿಯದಾಗಿದ್ದದ್ದು ಮನೆಯದಾಯಿತು, ಮನೆಯದಾಗಿದ್ದದ್ದು ಒಬ್ಬೊಬ್ಬರದಾಯಿತು. ಗೊತ್ತಿರುವವರ ಕರೆಯಾದರೆ ಹೆಸರು ಪರದೆಯ ಮೇಲೇ ಬರುತ್ತದೆ. ಹಾಗಾಗಿ ಈಗ ಎಷ್ಟೋ ಮಂದಿ ಹಲೋ ಅನ್ನುವುದನ್ನೂ ಬಿಟ್ಟು "ಹಾಂ, ಹೇಳಪ್ಪಾ" ಎಂದೇ ಎತ್ತುತ್ತಾರೆ. ಅಲ್ಲಿಂದ ನೇರ "ಉಂಡ್ಯಾ?", "ಮಳೆ ಬಂತಾ?" ಎಂಬಲ್ಲಿಗೆ. ಅದು ಸರಿಯಾಗಿಯೇ ಇದೆ. ಗುರುತು ಮೊದಲೇ ಸಿಕ್ಕಿರುವಾಗ ಮತ್ತೆ ಕೇಳುವುದೇನಿದೆ?

ತೊಡಕಿರುವುದು ಹೊಸ ನಂಬರಿನಲ್ಲಿ. ಅಲ್ಲಿ ಒಬ್ಬರಿಗೆ ಎಲ್ಲ ಗೊತ್ತು, ಇನ್ನೊಬ್ಬರಿಗೆ ಏನೂ ಗೊತ್ತಿಲ್ಲ. ಕರೆದವರಿಗೆ ತಾನು ಯಾರು, ಯಾರಿಗೆ ಮಾಡುತ್ತಿದ್ದೇನೆ, ಯಾಕೆ ಎಂಬ ಮೂರೂ ಗೊತ್ತಿವೆ. ಎತ್ತಿದವರ ಕೈಯಲ್ಲಿರುವುದು ಹತ್ತು ಅಂಕಿ ಮಾತ್ರ. ಹೀಗಿದ್ದೂ ಪಿ.ಪಿ. ನಂಬರಿನ ಕಾಲದ ಪ್ರಶ್ನೆಯನ್ನೇ ಕೇಳಿದರೆ, ಕತ್ತಲಲ್ಲಿರುವವರ ಕಡೆಗೇ ಹೊಣೆ ದಬ್ಬಿದ ಹಾಗೆ. ಬಾಗಿಲು ಬಡಿದವರೇ ಒಳಗಿನವರನ್ನು "ನೀವ್ಯಾರು?" ಎಂದು ವಿಚಾರಿಸುವುದುಂಟೇ?

ಇದರ ಅಪಾಯವನ್ನು ಜಪಾನ್ ಚೆನ್ನಾಗಿ ಕಂಡಿದೆ. 2003ರ ಸುಮಾರಿಗೆ ಅಲ್ಲಿ ಒಂದು ಬಗೆಯ ಮೋಸ ಹಬ್ಬಿತು. ಒಂಟಿಯಾಗಿರುವ ಮುದುಕ ಮುದುಕಿಯರಿಗೆ ಫೋನ್ ಬರುತ್ತದೆ. ಆ ಕಡೆಯಿಂದ ಒಬ್ಬ ಗಾಬರಿಯ ದನಿಯಲ್ಲಿ "ನಾನು, ನಾನು" ಎನ್ನುತ್ತಾನೆ. ಹೆಸರು ಹೇಳುವುದಿಲ್ಲ. ಅಜ್ಜಿ ತಾನಾಗಿಯೇ ಮಗನ ಹೆಸರೋ ಮೊಮ್ಮಗನ ಹೆಸರೋ ಹಿಡಿದು, ಅವನೇನಾ ಎಂದು ಕೇಳುತ್ತಾಳೆ. ಮೋಸಗಾರ ಹೌದೆನ್ನುತ್ತಾನೆ. ಅಪಘಾತ ಮಾಡಿಬಿಟ್ಟೆ, ಕಂಪನಿಯ ದುಡ್ಡು ಕಳೆದುಬಿಟ್ಟೆ, ಈಗಲೇ ಹಣ ಹಾಕು ಎಂದು ಬೇಡುತ್ತಾನೆ. ಅಜ್ಜಿ ಬ್ಯಾಂಕಿಗೆ ಓಡುತ್ತಾಳೆ. ಜಪಾನಿ ಮಾತಿನಲ್ಲಿ 'ಒರೆ' ಎಂದರೆ ಗಂಡಸು ಸಲಿಗೆಯಲ್ಲಿ 'ನಾನು' ಎನ್ನುವುದು. ಅದಕ್ಕೇ ಇದನ್ನು 'ಒರೆ ಒರೆ' ಮೋಸ ಎಂದು ಕರೆದರು. ಮೋಸದ ಬಗೆಗಳು ಹೆಚ್ಚಿದ ಮೇಲೆ 2004ರ ಕೊನೆಯಲ್ಲಿ ಅಲ್ಲಿನ ಪೊಲೀಸರು ಅವೆಲ್ಲಕ್ಕೂ ಸೇರಿಸಿ ಬೇರೆ ಹೆಸರಿಟ್ಟರು. ಮೋಸ ಮಾತ್ರ ನಿಲ್ಲಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಮೋಸಗಾರನಿಗೆ ಆ ಮನೆಯ ಬಗ್ಗೆ ಮೊದಲೇ ಏನೂ ಗೊತ್ತಿರಬೇಕಾಗಿಲ್ಲ. ಅವನಿಗೆ ಬೇಕಾದ ಹೆಸರನ್ನು ಎತ್ತಿದವರೇ ಕೊಡುತ್ತಾರೆ. ತನ್ನವರ ದನಿ ಗುರುತು ಹಿಡಿಯಲಾಗಲಿಲ್ಲವಲ್ಲ ಎಂಬ ಸಂಕೋಚ ಆ ಹೆಸರನ್ನು ಬಾಯಿಂದ ಹೊರಡಿಸುತ್ತದೆ. ನಮ್ಮ "ನಾನಪ್ಪಾ, ಗುರುತು ಸಿಗಲಿಲ್ಲೇನು?" ಎಂಬ ಸಲಿಗೆಯ ಮಾತು ಅಕ್ಷರಶಃ ಅದೇ ಜಾಗದಲ್ಲಿ ನಿಂತಿದೆ. ಮಕ್ಕಳು ದೂರದೂರಿಗೆ ದುಡಿಯಲು ಹೋಗಿ, ಸಿಮ್ ಬದಲಿಸುತ್ತಾ, ಗೆಳೆಯರ ಫೋನಿನಿಂದ ಮಾಡುತ್ತಾ ಇರುವ ನಮ್ಮಂಥ ಊರುಗಳಲ್ಲಿ ಹೊಸ ನಂಬರ್ ಎಂದರೆ ಅನುಮಾನ ಪಡುವಂತಿಲ್ಲ, ಎತ್ತದೆಯೂ ಇರುವಂತಿಲ್ಲ. ಅದಕ್ಕೇ ನಮಗೆ ಎಚ್ಚರ ಹೆಚ್ಚು ಬೇಕು.

ಎಚ್ಚರ ಕಷ್ಟದ್ದೇನಲ್ಲ. ಹೊಸ ನಂಬರಿನ ಫೋನ್ ಎತ್ತಿದರೆ "ಹಲೋ" ಅನ್ನಿ, ಅಲ್ಲಿಗೆ ನಿಲ್ಲಿಸಿ. ಅದು ಓಗೊಟ್ಟದ್ದಕ್ಕೆ ಸಾಕು. "ಯಾರು ಮಾತಾಡೋದು?" ಎಂದರೆ "ನೀವು ಯಾರಿಗೆ ಮಾಡಿದ್ದು?" ಎಂದು ಕೇಳಿ. "ಗುರುತು ಸಿಗಲಿಲ್ಲೇನು?" ಎಂದರೆ ಸಂಕೋಚ ಪಡದೆ "ಇಲ್ಲ, ಹೆಸರು ಹೇಳ್ರಿ" ಎನ್ನಿ. ಮನೆಯವರ ಹೆಸರನ್ನು ನೀವಾಗಿ ತೆಗೆಯಬೇಡಿ. ಕಷ್ಟದಲ್ಲಿದ್ದೇನೆ, ದುಡ್ಡು ಹಾಕು ಎಂದರೆ ಫೋನ್ ಇಟ್ಟು, ನಿಮ್ಮಲ್ಲಿ ಮೊದಲಿಂದ ಇರುವ ಅವರ ನಂಬರಿಗೆ ನೀವೇ ಮಾಡಿ. ಬ್ಯಾಂಕಿನವರು ಎಂದು ಹೇಳಿಕೊಂಡರೆ ನಂಬರ್ ನೋಡಿ. ಬ್ಯಾಂಕಿನ ಸೇವಾ ಕರೆಗಳಿಗೆಂದು ಈಗ 1600ರಿಂದ ಶುರುವಾಗುವ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ಯಾವ ನಂಬರಿನಿಂದಲಾದರೂ ಒಟಿಪಿ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಇದರ ಅರ್ಧ ಕೆಲಸ ಫೋನ್ ಮಾಡುವವರದು. ಬೆಂಗಳೂರಿನಲ್ಲೋ ಗುಂಟೂರಿನಲ್ಲೋ ಇರುವ ಮಕ್ಕಳೇ, ನಿಮ್ಮ ದನಿ ನಿಮ್ಮವ್ವನಿಗೆ ಗೊತ್ತಿದೆ ಎಂದು ಗೊತ್ತು. ಆದರೂ ಹೊಸ ನಂಬರಿನಿಂದ ಮಾಡಿದಾಗ, ಆಕೆ ಹಲೋ ಅಂದ ಕೂಡಲೇ ನಿಮ್ಮ ಹೆಸರು, ಎಲ್ಲಿಂದ ಮಾಡುತ್ತಿದ್ದೀರಿ, ಯಾರ ಫೋನ್ ಅದು ಎಂಬ ಮೂರನ್ನೂ ನೀವೇ ಹೇಳಿ. ಊಹೆಯ ಆಟ ಆಡಿಸಬೇಡಿ. ಹೆಸರು ಹೇಳಿ ಮಾತು ಶುರುಮಾಡುವುದೇ ನಿಮ್ಮ ಮನೆಯ ರೂಢಿಯಾದರೆ, ಹೆಸರು ಹೇಳದ ಕರೆ ಬಂದ ದಿನ ನಿಮ್ಮವ್ವ ತಾನಾಗಿಯೇ ಫೋನ್ ಇಡುತ್ತಾಳೆ.